ಮದುವೆ ನಿಂತ ಸುದ್ದಿಯನ್ನು ನೆಂಟರಿಗೆ ಹೇಳಿದ ಬಗೆ: ತೀರ್ಥಹಳ್ಳಿ ಕಡೆಯ ಒಂದು ಪ್ರಕರಣ

ಹುಡುಗಿಯ ಮನೆ ತೀರ್ಥಹಳ್ಳಿ ತಾಲೂಕಿನ ಒಂದು ಹಳ್ಳಿ. ಹುಡುಗನದು ಸಾಗರದ ಕಡೆ. ಅಡಿಕೆ ಕೊಯ್ಲು, ಸುಲಿತ ಎಲ್ಲ ಮುಗಿದು ಮನೆಯವರಿಗೆ ಸ್ವಲ್ಪ ಬಿಡುವಾದ ಮೇಲೆ, ಫೆಬ್ರವರಿಯಲ್ಲಿ ನಿಶ್ಚಿತಾರ್ಥ ಆಯಿತು. ಮಳೆ ಹಿಡಿಯುವ ಮೊದಲು, ಮೇ ಕೊನೆಯಲ್ಲಿ ಮದುವೆ ಎಂದು ಮುಹೂರ್ತ ಇಟ್ಟರು. ಯುಗಾದಿ ಕಳೆದ ಮೇಲೆ ಈ ಮದುವೆ ಬೇಡ ಎಂದು ತೀರ್ಮಾನವಾಯಿತು. ಅಷ್ಟು ಹೊತ್ತಿಗೆ ಲಗ್ನಪತ್ರಿಕೆ ಅಚ್ಚಾಗಿ ಬಂದಿತ್ತು. ದೇವರ ಮುಂದೆ ಇಟ್ಟು ಪೂಜೆ ಮಾಡಿ, ಹತ್ತಿರದ ಕೆಲವು ಮನೆಗಳಿಗೆ ಹೋಗಿ ಹೇಳಿಯೂ ಆಗಿತ್ತು.

ಹುಡುಗಿ ನನ್ನ ಅಣ್ಣನ ಮಗಳು. ನಾನು ಶಿವಮೊಗ್ಗದಲ್ಲಿ ಇರುವವನು. ಈ ಸುದ್ದಿಯನ್ನು ನೆಂಟರಿಗೆ ಹೇಳುವ ಕೆಲಸದಲ್ಲಿ ಮೊದಲಿನಿಂದ ಕೊನೆಯವರೆಗೂ ಇದ್ದೆ. ಎರಡೂ ಮನೆಯವರನ್ನು ಕೇಳಿ, ಅವರು ಆಗಲಿ ಎಂದ ಮೇಲೆ ಬರೆಯುತ್ತಿದ್ದೇನೆ. ಹೆಸರು, ಊರು ಬಿಟ್ಟಿದ್ದೇನೆ. ಮದುವೆ ಯಾಕೆ ನಿಂತಿತು ಅನ್ನುವುದನ್ನೂ ಬಿಟ್ಟಿದ್ದೇನೆ. ನೆಂಟರಿಗೆ ಹೇಳದ ಕಾರಣವನ್ನು ಇಲ್ಲಿ ಬರೆಯುವುದು ಸರಿಯಲ್ಲ. ಇಷ್ಟು ಮಾತ್ರ ಹೇಳಬಹುದು: ಇದರಲ್ಲಿ ಮೋಸ ಇರಲಿಲ್ಲ, ವರದಕ್ಷಿಣೆಯ ಮಾತು ಇರಲಿಲ್ಲ, ಯಾರೂ ಯಾರ ಮೇಲೂ ಕೈ ಮಾಡಿರಲಿಲ್ಲ. ಹಾಗೆ ಇದ್ದಿದ್ದರೆ ದಾರಿ ಬೇರೆಯೇ ಆಗುತ್ತಿತ್ತು. ಅದನ್ನು ಮುಂದೆ ಹೇಳುತ್ತೇನೆ.

ಮಲೆನಾಡಿನಲ್ಲಿ ಈ ಕೆಲಸ ಯಾಕೆ ಕಷ್ಟ ಅಂದರೆ, ಇಲ್ಲಿ ನೆಂಟಸ್ತನ ಒಂದೇ ಕಡೆ ನಿಲ್ಲುವುದಿಲ್ಲ. ಕೊಪ್ಪ, ಹೊಸನಗರ, ಸಾಗರ, ಸಿದ್ದಾಪುರ ಎಂದು ಒಂದು ಸುತ್ತು ಹಾಕಿದರೆ ಎಲ್ಲಾದರೂ ಒಂದು ಕೊಂಡಿ ಸಿಕ್ಕೇ ಸಿಗುತ್ತದೆ. ಈ ಎರಡು ಮನೆಗಳ ನಡುವೆಯೂ ಅಂಥ ಕೊಂಡಿ ಇತ್ತು. ನಮ್ಮ ಅತ್ತಿಗೆಯ ಅಕ್ಕನ ಮಗಳನ್ನು ಹುಡುಗನ ಊರಿಗೇ ಕೊಟ್ಟಿದ್ದಾರೆ. ನಾವು ಬೆಳಿಗ್ಗೆ ಇಲ್ಲಿ ಆಡಿದ ಮಾತು ಸಂಜೆಯೊಳಗೆ ಅವರ ಅಂಗಳದಲ್ಲಿ ಇರುತ್ತದೆ. ಅವರ ಮಾತೂ ಹಾಗೇ ಇಲ್ಲಿಗೆ ಬರುತ್ತದೆ. ಎರಡು ಮಾತಿಗೂ ಎಳ್ಳಷ್ಟು ವ್ಯತ್ಯಾಸ ಇದ್ದರೂ ಸಾಕು, ಆ ವ್ಯತ್ಯಾಸವೇ ಸುದ್ದಿ ಆಗುತ್ತದೆ. ಹಾಗಾಗಿ ಇಡೀ ಕೆಲಸ ನಿಂತಿದ್ದು ಒಂದೇ ವಿಷಯದ ಮೇಲೆ: ಎರಡೂ ಮನೆಯವರು ಒಂದೇ ಮಾತನ್ನು, ಒಂದೇ ಹೊತ್ತಿಗೆ, ತಮ್ಮ ತಮ್ಮವರಿಗೆ ಹೇಳಬೇಕು.

ಮೊದಲು ಎರಡು ಮನೆ ಕೂತಿದ್ದು

ಅಣ್ಣನಿಗೆ ಆತುರ ಇತ್ತು. ಮಂಟಪಕ್ಕೆ ಹೇಳಬೇಕು, ಅಡಿಗೆಯವರಿಗೆ ಹೇಳಬೇಕು, ಪತ್ರಿಕೆ ಹಂಚುವುದನ್ನು ನಿಲ್ಲಿಸಬೇಕು. ಅತ್ತಿಗೆಗೆ ಯಾರಿಗೂ ಮುಖ ತೋರಿಸುವುದೇ ಬೇಡ ಅನ್ನಿಸಿತ್ತು. ಇಬ್ಬರನ್ನೂ ಮೂರು ದಿನ ತಡೆಯಿರಿ ಎಂದು ಕೇಳಿಕೊಂಡೆವು. ಆ ಮೂರು ದಿನ ಯಾರಿಗೂ ಏನೂ ಹೇಳಲಿಲ್ಲ. ಪತ್ರಿಕೆ ಹಂಚಲು ಹೋಗಲಿಲ್ಲ, ಕೇಳಿದವರಿಗೆ ತೋಟದ ಕೆಲಸ ಇದೆ ಎಂದೆವು. ತೋಟದಲ್ಲಿ ಕೆಲಸ ಇದ್ದಿದ್ದೂ ನಿಜವೇ.

ಈ ಸಂಬಂಧ ತಂದಿದ್ದವರು ಹೊಸನಗರದ ಕಡೆಯ ಒಬ್ಬ ಹಿರಿಯರು. ಎರಡೂ ಕಡೆಗೆ ಬೇಕಾದವರು. ಮೂರನೇ ದಿನ ಅವರ ಮನೆಯಲ್ಲಿ ಕೂತೆವು. ಎರಡೂ ಕಡೆಯ ಅಪ್ಪಂದಿರು, ನಾನು, ಹುಡುಗನ ಸೋದರಮಾವ. ಹುಡುಗ, ಹುಡುಗಿ ಇಬ್ಬರೂ ಬಂದಿದ್ದರು. ಅವರು ಬರಬೇಕು ಎಂದು ಆ ಹಿರಿಯರೇ ಹಟ ಹಿಡಿದರು. "ಇದು ಇವರಿಬ್ಬರ ಬಾಳು. ಇವರು ಒಪ್ಪದ ಮಾತನ್ನು ನಾವು ಊರಿಗೆ ಹೇಳಿದರೆ ನಾಳೆ ಇವರೇ ಬೇರೆ ಹೇಳ್ತಾರೆ" ಎಂದರು. ಅದು ಸರಿಯಾದ ಮಾತು. ಹಿರಿಯರು ಮಾತ್ರ ಕೂತು ಮುಗಿಸಿದ ಕಡೆಗಳಲ್ಲಿ, ಮಕ್ಕಳು ಗೆಳೆಯರ ಹತ್ತಿರ ಹೇಳುವ ಕಥೆ ಬೇರೆ ಇರುತ್ತದೆ, ಮನೆಯವರು ಹೇಳುವುದು ಬೇರೆ ಇರುತ್ತದೆ.

ಅಲ್ಲಿ ಮದುವೆ ಯಾಕೆ ನಿಂತಿತು ಎಂದು ಮತ್ತೆ ಚರ್ಚೆ ಮಾಡಲಿಲ್ಲ. ಮೊದಲು ಕೊಡುವ ತೆಗೆದುಕೊಳ್ಳುವ ಲೆಕ್ಕ ಮುಗಿಸಿದೆವು. ಹುಡುಗಿ ಹಾಕಿಕೊಂಡಿದ್ದ ಉಂಗುರ, ಸರ ವಾಪಸ್ಸು. ಹುಡುಗನಿಗೆ ಕೊಟ್ಟ ಉಂಗುರ ವಾಪಸ್ಸು. ಉಟ್ಟ ಸೀರೆ ಯಾರೂ ಕೇಳಲಿಲ್ಲ, ಕೊಡಲೂ ಇಲ್ಲ. ಮಂಟಪದ ಮುಂಗಡ, ಪತ್ರಿಕೆಯ ಖರ್ಚು ಎರಡೂ ಮನೆಗೆ ಅರ್ಧರ್ಧ. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಅಲ್ಲೇ ಓದಿದರು. ಇದನ್ನು ನೆಂಟರಿಗೆ ಹೇಳುವ ಮೊದಲೇ ಮುಗಿಸಿದ್ದಕ್ಕೆ ಕಾರಣ ಇದೆ. ಹಣವೋ ಒಡವೆಯೋ ಬಾಕಿ ಉಳಿದರೆ, ಅದನ್ನು ಕೇಳಲು ಯಾರಾದರೂ ನೆಂಟರು ನಡುವೆ ಬರಬೇಕಾಗುತ್ತದೆ. ಅವರು ಎರಡೂ ಕಡೆ ಓಡಾಡುವಾಗ ಮಾತು ಬೆಳೆಯುತ್ತದೆ. ಆಮೇಲೆ ತಪ್ಪು ಯಾರದು ಅನ್ನುವ ವಿಚಾರ ತಾನಾಗಿ ಹುಟ್ಟುತ್ತದೆ.

ನಮ್ಮ ಕಡೆಯ ನೆಂಟರು ನಿಶ್ಚಿತಾರ್ಥದ ದಿನ ಹುಡುಗಿಗೆ ಕೊಟ್ಟ ಉಡುಗೊರೆಯನ್ನು ವಾಪಸ್ಸು ಕೊಡಬೇಕಾ ಎಂದು ಅತ್ತಿಗೆ ಕೇಳಿದರು. ಬೇಡ ಎಂದೆವು. ಅದು ಮುಯ್ಯಿ. ಅವರ ಮನೆಯ ಕಾರ್ಯಕ್ಕೆ ನಾವು ಮಾಡುವಾಗ ಅದು ತಾನಾಗಿ ತೀರುತ್ತದೆ. ಈಗ ಕವರಿನಲ್ಲಿ ಹಾಕಿ ಹಿಂದಿರುಗಿಸಿದರೆ ಅವರಿಗೆ ನೋವಾಗುತ್ತದೆ.

ಯಾವ ಮಾತು ಹೇಳಬೇಕು

ಹೆಚ್ಚು ಹೊತ್ತು ಹಿಡಿದಿದ್ದು ಇದಕ್ಕೆ. ನಾಲ್ಕೈದು ಮಾತು ಮೇಜಿನ ಮೇಲೆ ಬಂದವು.

ಮೊದಲು ಬಂದಿದ್ದು "ಜಾತಕ ಕೂಡಿಬರಲಿಲ್ಲ". ನಮ್ಮಲ್ಲಿ ಇದು ಎಲ್ಲರಿಗೂ ನಾಲಿಗೆ ತುದಿಯಲ್ಲೇ ಇರುವ ನೆಪ. ಹುಡುಗಿ ನೋಡುವ ಹಂತದಲ್ಲಿ ಬೇಡ ಅನ್ನಬೇಕಾದರೆ ಎಲ್ಲರೂ ಇದನ್ನೇ ಹೇಳುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ನಿಶ್ಚಿತಾರ್ಥ ಆದ ಮೇಲೆ ಇದು ನಡೆಯುವುದಿಲ್ಲ. ಜಾತಕ ನೋಡಿ ಕೂಡಿಬಂದಿದೆ ಎಂದು ಹೇಳಿದ ಭಟ್ಟರು ಊರಿಗೆಲ್ಲ ಗೊತ್ತು. ಅವರನ್ನೇ ಯಾರಾದರೂ ಕೇಳುತ್ತಾರೆ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಜಾತಕದಲ್ಲಿ ದೋಷ ಇತ್ತಂತೆ ಅನ್ನುವ ಮಾತು ಹುಡುಗಿಗೆ ಅಂಟಿಕೊಂಡು ಬಿಡುತ್ತದೆ. ಮುಂದೆ ಬರುವ ಪ್ರತಿ ಸಂಬಂಧದವರೂ ಯಾವ ದೋಷ ಎಂದು ಕೇಳುತ್ತಾರೆ. ಒಂದು ಸಂಜೆಯ ಮುಜುಗರ ತಪ್ಪಿಸಲು ಹೇಳಿದ ಸುಳ್ಳು ಮಗಳ ಮುಂದಿನ ದಾರಿಗೆ ಅಡ್ಡ ಬರುತ್ತದೆ.

ಎರಡನೆಯದು ಅಣ್ಣ ಹೇಳಿದ್ದು, "ಮದುವೆ ಮುಂದಕ್ಕೆ ಹೋಗಿದೆ". ಸದ್ಯಕ್ಕೆ ಹಾಗೆ ಹೇಳೋಣ, ಆಮೇಲೆ ಜನ ತಾವೇ ಮರೆಯುತ್ತಾರೆ ಎಂಬುದು ಅವನ ಯೋಚನೆ. ಜನ ಮರೆಯುವುದಿಲ್ಲ. ಮಳೆಗಾಲ ಕಳೆದ ಮೇಲೆ ಪ್ರತಿಯೊಬ್ಬರೂ ದಿನ ಯಾವಾಗ ಎಂದು ಕೇಳುತ್ತಾರೆ. ಒಂದು ಸಲ ಹೇಳಿ ಮುಗಿಸಬೇಕಾದ ಸುದ್ದಿಯನ್ನು ವರ್ಷವಿಡೀ ಕಂತಿನಲ್ಲಿ ಹೇಳಿದ ಹಾಗೆ ಆಗುತ್ತದೆ. ಹುಡುಗ ಹುಡುಗಿಗೂ ಅದರಿಂದ ಬಿಡುಗಡೆ ಇಲ್ಲ. ನಡುವೆ ಬೇರೆ ಸಂಬಂಧ ಬಂದರೆ, ಒಂದು ಮದುವೆ ಬಾಕಿ ಇರುವಾಗಲೇ ಇನ್ನೊಂದು ನೋಡುತ್ತಿದ್ದಾರೆ ಎಂಬ ಮಾತು ಬೇರೆ.

"ಅನಿವಾರ್ಯ ಕಾರಣಗಳಿಂದ" ಎಂದು ಹೇಳೋಣ ಎಂದರು ಹುಡುಗನ ಸೋದರಮಾವ. ಸಭೆ ಸಮಾರಂಭಕ್ಕೆ ಅದು ಸರಿ. ಮನೆ ಮಂದಿಗೆ ಹಾಗೆ ಹೇಳಿದರೆ, ಏನೋ ಭಾರಿ ವಿಷಯ ಮುಚ್ಚಿಡುತ್ತಿದ್ದಾರೆ ಎಂದೇ ಅನ್ನಿಸುತ್ತದೆ. ಕಾರಣ ಎಂಬ ಮಾತನ್ನೇ ಎತ್ತದಿದ್ದರೆ ಹುಡುಕುವವರೂ ಕಡಿಮೆ.

ಅತ್ತಿಗೆ ಫೋನಿನಲ್ಲಿ ತಮ್ಮ ಅಕ್ಕನಿಗೆ ಹೇಳಬೇಕು ಅಂದುಕೊಂಡಿದ್ದ ಮಾತು "ಮೊದಲೇ ಗೊತ್ತಾಯ್ತಲ್ಲ, ದೇವರು ದೊಡ್ಡವನು". ಅವರ ಮನಸ್ಸಿನಲ್ಲಿ ಕೆಟ್ಟದ್ದು ಇರಲಿಲ್ಲ. ತಾಯಿಯ ಸಮಾಧಾನ ಅದು. ಆದರೆ ಕೇಳಿದವರಿಗೆ ಅದರಲ್ಲಿ ಒಂದು ದೂರು ಕಾಣುತ್ತದೆ. ಏನು ಗೊತ್ತಾಯಿತು? ಹುಡುಗನಲ್ಲಿ ಏನಿತ್ತು? ಒಂದು ಸಮಾಧಾನದ ಮಾತಿಗೆ ಆ ಹುಡುಗನ ಹೆಸರು ಹಾಳಾಗಬಹುದಿತ್ತು. ಅತ್ತಿಗೆಗೆ ಇದನ್ನು ಹೇಳಿದಾಗ ಅವರು ತಕ್ಷಣ ಒಪ್ಪಿದರು.

ಕೊನೆಗೆ ಉಳಿದಿದ್ದು ಇಷ್ಟು: "ಹುಡುಗ, ಹುಡುಗಿ ಇಬ್ಬರೂ ಮಾತಾಡಿಕೊಂಡು ಈ ಮದುವೆ ಬೇಡ ಅಂತ ತೀರ್ಮಾನ ಮಾಡಿದ್ದಾರೆ. ಎರಡೂ ಮನೆಯವರು ಕೂತು ಮಾತಾಡಿ ಒಪ್ಪಿಕೊಂಡಿದ್ದೇವೆ."

ಇಲ್ಲಿ ಒಂದು ಸೂಕ್ಷ್ಮ ಇದೆ. ಬೇಡ ಎಂದು ಮೊದಲು ಬಾಯಿ ಬಿಟ್ಟವರು ಇಬ್ಬರಲ್ಲಿ ಒಬ್ಬರೇ. ಇನ್ನೊಬ್ಬರಿಗೆ ಅದನ್ನು ಒಪ್ಪಲು ವಾರ ಬೇಕಾಯಿತು. ಹಾಗಾದರೆ ಇಬ್ಬರೂ ಎಂದು ಹೇಳುವುದು ಸುಳ್ಳಲ್ಲವೇ ಎಂದು ಹುಡುಗಿಯೇ ಕೇಳಿದಳು. ಅಲ್ಲ. ಅವರು ಮಾತಾಡಿದ್ದು ನಿಜ, ಕೊನೆಗೆ ಇಬ್ಬರೂ ಅದೇ ಸರಿ ಎಂದಿದ್ದೂ ನಿಜ. ಮೊದಲು ಯಾರು ಹೇಳಿದರು ಅನ್ನುವುದಷ್ಟೇ ಅದರಲ್ಲಿ ಇಲ್ಲ. ಒಬ್ಬರು ಕೊನೆವರೆಗೂ ಒಪ್ಪದೇ ಇದ್ದಿದ್ದರೆ ಮೊದಲ ವಾಕ್ಯವನ್ನು ಬಿಟ್ಟು, "ಎರಡೂ ಮನೆಯವರು ಕೂತು ಮಾತಾಡಿ ಈ ಮದುವೆಯನ್ನು ನಿಲ್ಲಿಸಿದ್ದೇವೆ" ಎಂದು ಮಾತ್ರ ಹೇಳಬೇಕಿತ್ತು. ಎರಡು ಮನೆ ನಿಜವಾಗಿ ಕೂತಿದ್ದರೆ ಆ ಮಾತು ಯಾವತ್ತೂ ಸುಳ್ಳಾಗುವುದಿಲ್ಲ. ನಮ್ಮ ನಡುವೆ ಯಾವ ಬೇಸರವೂ ಇಲ್ಲ ಎಂದು ಸೇರಿಸಬೇಕೆಂದು ಒಬ್ಬರು ಹೇಳಿದರು. ಅದನ್ನು ಕೈಬಿಟ್ಟೆವು. ಬೇಸರ ಇತ್ತು. ಇಲ್ಲ ಎಂದರೆ ಯಾರೂ ನಂಬುವುದಿಲ್ಲ, ಉಳಿದ ನಿಜವನ್ನೂ ಅನುಮಾನಿಸುತ್ತಾರೆ.

ಯಾರಿಗೆ ಮೊದಲು

ಹೇಳುವುದಕ್ಕೆ ಒಂದು ಭಾನುವಾರ ಇಟ್ಟುಕೊಂಡೆವು. ಎರಡೂ ಮನೆಯವರು ಅವತ್ತೇ ಶುರು ಮಾಡಿ ಮರುದಿನ ಮಧ್ಯಾಹ್ನದೊಳಗೆ ಮುಗಿಸಬೇಕು ಎಂದು ಮಾತಾಗಿತ್ತು. ಅದಕ್ಕಿಂತ ಎಳೆದರೆ ಕೆಲವರಿಗೆ ನಮ್ಮಿಂದ, ಕೆಲವರಿಗೆ ಇನ್ನೊಬ್ಬರಿಂದ ಗೊತ್ತಾಗುತ್ತದೆ. ಇನ್ನೊಬ್ಬರಿಂದ ಗೊತ್ತಾದವರಿಗೆ ಸುದ್ದಿಗಿಂತ ಅದೇ ನೋವು ಜಾಸ್ತಿ.

ಮೊದಲು ನಮ್ಮ ಅಮ್ಮನಿಗೆ. ಹುಡುಗಿಯ ಅಜ್ಜಿ. ಅಣ್ಣ ಬೆಳಿಗ್ಗೆ ಕಾಫಿ ಆದ ಮೇಲೆ ಪಕ್ಕದಲ್ಲಿ ಕೂತು ಹೇಳಿದ. ಅಮ್ಮ ಕೇಳಿದ್ದು ಒಂದೇ: "ಮಗು ಊಟ ಮಾಡ್ತಾ ಇದೆಯಾ?" ಆಮೇಲೆ ಅತ್ತಿಗೆಯ ಅಣ್ಣನಿಗೆ, ಅಂದರೆ ಹುಡುಗಿಯ ಸೋದರಮಾವನಿಗೆ. ಮದುವೆಯಲ್ಲಿ ಅವರಿಗೆ ಅವರದೇ ಆದ ಜಾಗ ಇದೆ, ಅವರಿಗೆ ಫೋನಿನಲ್ಲಿ ಹೇಳುವ ಹಾಗಿಲ್ಲ. ಅವರ ಮನೆ ಕೊಪ್ಪದ ಹತ್ತಿರ. ಅಣ್ಣನೇ ಹೋಗಿ ಬಂದ.

ಅದಾದ ಮೇಲೆ ಲಗ್ನಪತ್ರಿಕೆ ತಲುಪಿದ ಮನೆಗಳು. ಇದನ್ನು ಬೇರೆಯಾಗಿಯೇ ನೋಡಬೇಕು. ಅರಿಶಿನ ಕುಂಕುಮ ಕೊಟ್ಟು, ಬರಲೇಬೇಕು ಎಂದು ಬಾಗಿಲಿಗೆ ಹೋಗಿ ಹೇಳಿದವರಿಗೆ, ಮದುವೆ ಇಲ್ಲ ಅನ್ನುವುದನ್ನು ಮೆಸೇಜಿನಲ್ಲಿ ಹೇಳಿದರೆ ಅದು ಅವಮಾನ. ಹತ್ತಿರದವರಿಗೆ ಹೋಗಿ ಹೇಳಿದೆವು, ದೂರದವರಿಗೆ ಫೋನ್ ಮಾಡಿದೆವು. ನೆಟ್‌ವರ್ಕ್ ಸಿಗದ ಕೆಲವು ಮನೆಗಳಿದ್ದವು. ಅಲ್ಲಿಗೆ ಅಣ್ಣನ ಮಗ ಬೈಕಿನಲ್ಲಿ ಹೋದ. ಹೇಳಬೇಕಾದ ಎರಡು ವಾಕ್ಯ ಅವನಿಗೂ ಬಾಯಿಪಾಠ ಮಾಡಿಸಿದ್ದೆವು.

ನಿಶ್ಚಿತಾರ್ಥಕ್ಕೆ ಬಂದಿದ್ದು ಪತ್ರಿಕೆ ಇನ್ನೂ ತಲುಪದವರು ಆಮೇಲೆ. ಕೊನೆಗೆ ಉಳಿದ ಎಲ್ಲರಿಗೂ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ.

ಮಂಟಪ, ಅಡಿಗೆ, ಫೋಟೋ ಇವರಿಗೆ ಯಾವಾಗ ಹೇಳಬೇಕು ಎಂಬುದು ಬಹಳ ಮುಖ್ಯ. ಇದನ್ನು ಎಷ್ಟೋ ಜನ ಮೊದಲೇ ಮಾಡಿಬಿಡುತ್ತಾರೆ, ಮುಂಗಡ ಉಳಿಯಲಿ ಎಂದು. ನಮ್ಮ ಕಡೆ ಅಡಿಗೆ ಮಾಡುವವರು ಸುತ್ತಲಿನ ಎಲ್ಲ ಮನೆಗಳ ಕಾರ್ಯಕ್ಕೂ ಹೋಗುವವರು. ಇವತ್ತು ಅವರಿಗೆ ಹೇಳಿದರೆ ನಾಳೆ ಇನ್ನೊಂದು ಮದುವೆಯ ಅಡಿಗೆಮನೆಯಲ್ಲಿ ವಿಷಯ ಬರುತ್ತದೆ. ಅವರು ಬೇಕೆಂದು ಹೇಳುವುದಿಲ್ಲ. ಆ ದಿನ ಬಿಡುವಿದೆ ಎಂದರೆ ಸಾಕು, ಯಾಕೆ ಎಂದು ಕೇಳುವವರು ಇದ್ದೇ ಇರುತ್ತಾರೆ. ಹಾಗಾಗಿ ಭಾನುವಾರ ಸಂಜೆ, ಹತ್ತಿರದವರಿಗೆಲ್ಲ ಗೊತ್ತಾದ ಮೇಲೆ, ಅಣ್ಣ ಇವರಿಗೆ ಫೋನ್ ಮಾಡಿದ. ಭಟ್ಟರಿಗೆ ಮಾತ್ರ ಹೋಗಿ ಹೇಳಿದ. ಅಡಿಗೆಯವರಿಗೆ ಆ ದಿನ ಬೇರೆ ಕೆಲಸ ಸಿಗುವಷ್ಟು ಸಮಯ ಇತ್ತು, ಮುಂಗಡದಲ್ಲಿ ಹೆಚ್ಚಿನಂಶ ವಾಪಸ್ಸು ಕೊಟ್ಟರು.

ಫೋನಿನಲ್ಲಿ ಹಾಕಿಕೊಂಡ ಜೋಡಿ ಫೋಟೋ ತೆಗೆದುಹಾಕುವುದು ಎಲ್ಲಕ್ಕಿಂತ ಕೊನೆಗೆ. ಹುಡುಗ ಶನಿವಾರ ರಾತ್ರಿಯೇ ವಾಟ್ಸಾಪಿನ ತನ್ನ ಜೋಡಿ ಫೋಟೋ ಬದಲಾಯಿಸಿಬಿಟ್ಟ. ಬೆಂಗಳೂರಿನಲ್ಲಿರುವ ನಮ್ಮ ಕಡೆಯ ಒಬ್ಬಳು ಅದನ್ನು ನೋಡಿ ಬೆಳಿಗ್ಗೆ ಏಳಕ್ಕೇ ಹುಡುಗಿಗೆ ಫೋನ್ ಮಾಡಿದಳು. ನಮ್ಮ ಅಮ್ಮನಿಗೂ ಇನ್ನೂ ಹೇಳಿರಲಿಲ್ಲ. ಹುಡುಗಿ "ಮಧ್ಯಾಹ್ನ ಮಾತಾಡ್ತೀನಿ ಅಕ್ಕಾ" ಎಂದು ಹೇಳಿ ಇಟ್ಟಳು, ಪುಣ್ಯಕ್ಕೆ ಅವಳೂ ಯಾರಿಗೂ ಹೇಳಲಿಲ್ಲ. ಸುದ್ದಿ ಹೇಳಿ ಮುಗಿಯುವವರೆಗೂ ಫೋಟೋ, ಸ್ಟೇಟಸ್ ಯಾವುದನ್ನೂ ಮುಟ್ಟಬಾರದು. ಮುಗಿದ ಮೇಲೆ ಎಲ್ಲವನ್ನೂ ಒಂದೇ ದಿನ ತೆಗೆಯಬೇಕು. ಸ್ಟುಡಿಯೋದವರು ತಮ್ಮ ಪುಟದಲ್ಲಿ ಹಾಕಿಕೊಂಡ ಫೋಟೋ ಮರೆತು ಹೋಗುತ್ತದೆ, ಅವರಿಗೂ ಹೇಳಿ ತೆಗೆಸಬೇಕು.

ಫೋನಿನಲ್ಲಿ

ನಮ್ಮ ಕಡೆ ಬೆಳಗಿನ ಜಾವವೋ ರಾತ್ರಿ ತಡವಾಗಿಯೋ ಫೋನ್ ಬಂದರೆ ಯಾರೋ ಹೋದರು ಎಂದೇ ಅರ್ಥ. ಹಾಗಾಗಿ ತಿಂಡಿ ಆದ ಮೇಲೆ, ಹತ್ತು ಗಂಟೆ ಸುಮಾರಿಗೆ ಶುರು ಮಾಡಿದೆವು. "ಒಂದು ಬೇಜಾರಿನ ವಿಷಯ" ಎಂದು ಆರಂಭಿಸಲಿಲ್ಲ. ವಯಸ್ಸಾದವರು ಅಷ್ಟಕ್ಕೇ ಕೈಕಾಲು ಬಿಡುತ್ತಾರೆ. "ಮನೆಯಲ್ಲಿ ಎಲ್ಲರೂ ಹುಷಾರಾಗಿದ್ದೇವೆ. ಮದುವೆ ವಿಷಯ ಹೇಳೋಣ ಅಂತ ಮಾಡ್ದೆ" ಎಂದು ಹೇಳಿ, ಆ ಎರಡು ವಾಕ್ಯ ಹೇಳಿ, ನಿಲ್ಲಿಸುವುದು. ಹೇಳಿದ ಮೇಲೆ ಸುಮ್ಮನಾಗುವುದೇ ಇದರಲ್ಲಿ ಕಷ್ಟದ ಭಾಗ. ಆ ಕಡೆ ಮಾತಿಲ್ಲದಿದ್ದಾಗ ನಮಗೆ ಏನಾದರೂ ಸೇರಿಸಬೇಕು ಅನ್ನಿಸುತ್ತದೆ. ಆಗ ಸೇರಿಸುವ ಮಾತಿನಲ್ಲೇ ದೂರು ನುಸುಳುವುದು.

ಪ್ರಶ್ನೆಗಳು ಬಂದವು, ಬರಲೇಬೇಕು. ಸುತ್ತಿ ಬಳಸಿ ಎಲ್ಲವೂ ಮೂರು ತೆರನಾಗಿದ್ದವು.

"ಎಂತ ಆಯ್ತು ಮಾರಾಯ?" ಇದು ಪ್ರೀತಿಯ ಪ್ರಶ್ನೆ. ಇದಕ್ಕೆ ಕೊಟ್ಟ ಉತ್ತರ, "ಇಬ್ಬರಿಗೂ ಹೊಂದಿಕೆ ಆಗಲ್ಲ ಅನ್ನಿಸ್ತು ಅತ್ತೆ. ಅದಕ್ಕಿಂತ ಹೆಚ್ಚು ಅವರಿಬ್ಬರ ವಿಷಯ, ನಾವೂ ಕೆದಕಲಿಲ್ಲ." ಹೆಚ್ಚಿನವರು ಇಲ್ಲಿಗೇ ನಿಲ್ಲಿಸಿದರು.

"ಬೇಡ ಅಂದಿದ್ದು ಯಾರು? ಅವರಾ, ನೀವಾ?" ಇದು ಪಕ್ಷ ಕಟ್ಟುವ ಪ್ರಶ್ನೆ. ಕೇಳುವವರಿಗೆ ನಮ್ಮ ಮೇಲೆ ಅಭಿಮಾನ ಇರುತ್ತದೆ, ನಮ್ಮ ಪರ ಮಾತಾಡಲು ಒಂದು ಆಧಾರ ಬೇಕಿರುತ್ತದೆ. ಉತ್ತರದಲ್ಲಿ ಅದೇ ಎರಡು ವಾಕ್ಯ, ಅದೇ ಪದಗಳಲ್ಲಿ. ಬೇರೆ ಪದ ಬಳಸಬಾರದು. ಎರಡನೇ ಸಲ ಕೇಳಿದಾಗ ಪದ ಬದಲಾದರೆ, ಮೊದಲು ಹೇಳದ್ದು ಏನೋ ಈಗ ಹೊರಬಂತು ಎಂದುಕೊಳ್ಳುತ್ತಾರೆ.

ಮೂರನೆಯದು ಎಲ್ಲಕ್ಕಿಂತ ಅಪಾಯದ್ದು, ಒಳ್ಳೆಯ ಮನಸ್ಸಿನಿಂದ ಬರುವಂಥದ್ದು. "ನಾನೊಂದು ಸಲ ಹೋಗಿ ಮಾತಾಡ್ಲಾ?" ನಮ್ಮ ದೊಡ್ಡಪ್ಪನ ಮಗ ಒಬ್ಬರು ಹಾಗೆ ಕೇಳಿದರು. ಅವರಿಗೆ ಸಾಗರದಲ್ಲಿ ಪರಿಚಯ ಜಾಸ್ತಿ. ಬೇಡ ಎಂದು ಬರಿದೇ ಹೇಳಿದರೆ ಅವರು ಸಂಕೋಚ ಎಂದುಕೊಂಡು ಹೋಗಿಯೇ ಬಿಡುತ್ತಿದ್ದರು. ಅಣ್ಣ ಸ್ಪಷ್ಟವಾಗಿ ಹೇಳಿದ: "ಒಡವೆ, ಲೆಕ್ಕ ಎಲ್ಲ ಮುಗಿದಿದೆ ಅಣ್ಣಾ. ಈಗ ನೀವು ಹೋದ್ರೆ ನಾವೇ ಕಳಿಸಿದ್ದು ಅಂತ ಆಗುತ್ತೆ. ದಯವಿಟ್ಟು ಹೋಗ್ಬೇಡಿ." ಲೆಕ್ಕ ಮುಗಿದಿದೆ ಎಂದ ಕೂಡಲೇ ಅವರು ಸುಮ್ಮನಾದರು. ವಿಷಯ ಮುಗಿದಿದೆ ಎಂಬುದಕ್ಕೆ ನಮ್ಮ ಜನಕ್ಕೆ ಅದಕ್ಕಿಂತ ದೊಡ್ಡ ಗುರುತು ಇಲ್ಲ.

ಇನ್ನು ಕೋರ್ಟು ಕಚೇರಿ ಏನಾದರೂ ಇದೆಯಾ ಎಂದು ಒಬ್ಬರು ಕೇಳಿದರು. ಇಲ್ಲ. ನಿಶ್ಚಿತಾರ್ಥ ಕಾನೂನಿನಲ್ಲಿ ಮದುವೆ ಅಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಮದುವೆ ಆಗುವುದು ಮದುವೆಯ ವಿಧಿಗಳು ನಡೆದಾಗ. ಅದಕ್ಕೂ ಮೊದಲು ನಿಂತರೆ ವಿಚ್ಛೇದನದ ಮಾತೇ ಬರುವುದಿಲ್ಲ. ಹುಡುಗಿಯ ಅಜ್ಜಿಗೂ ಈ ವಿಷಯದಲ್ಲಿ ಅಳುಕಿತ್ತು ಎಂದು ಆಮೇಲೆ ಗೊತ್ತಾಯಿತು.

ಗುಂಪಿಗೆ ಕಳಿಸಿದ ಸಂದೇಶ

ಸೋಮವಾರ ಮಧ್ಯಾಹ್ನ ನಾನು ಕಳಿಸಿದ್ದು ಇದು:

"ಎಲ್ಲರಿಗೂ ನಮಸ್ಕಾರ. ಮೇ ತಿಂಗಳಲ್ಲಿ ನಡೆಯಬೇಕಿದ್ದ ನಮ್ಮ ಮನೆ ಮಗಳ ಮದುವೆ ನಡೆಯುವುದಿಲ್ಲ. ಹುಡುಗ, ಹುಡುಗಿ ಇಬ್ಬರೂ ಮಾತಾಡಿಕೊಂಡು ಈ ಮದುವೆ ಬೇಡ ಎಂದು ತೀರ್ಮಾನ ಮಾಡಿದ್ದಾರೆ. ಎರಡೂ ಮನೆಯವರು ಕೂತು ಮಾತಾಡಿ ಒಪ್ಪಿಕೊಂಡಿದ್ದೇವೆ. ರಜೆ, ಟಿಕೆಟ್ ಮಾಡಿಸಿದವರು ದಯವಿಟ್ಟು ರದ್ದು ಮಾಡಿಸಿ. ಏನಾದರೂ ಕೇಳಬೇಕೆಂದರೆ ನನಗೆ ಫೋನ್ ಮಾಡಿ. ಮಗಳಿಗೆ ಸ್ವಲ್ಪ ದಿನ ಈ ವಿಷಯ ಕೇಳದೇ ಇದ್ದರೆ ಒಳ್ಳೆಯದು. ಆ ಮನೆಯವರ ಬಗ್ಗೆ ಯಾರೂ ಹಗುರವಾಗಿ ಮಾತಾಡಬಾರದು ಎಂದು ನಮ್ಮೆಲ್ಲರ ಕೇಳಿಕೆ."

ಮೊದಲ ಸಾಲಿನಲ್ಲೇ ತಿಂಗಳು ಮತ್ತು ಮದುವೆ ಇಲ್ಲ ಎಂಬ ವಿಷಯ ಬಂದಿರುವುದು ಬೇಕೆಂದೇ. ಫೋನಿನ ಮೇಲ್ಭಾಗದಲ್ಲಿ ಕಾಣುವುದು ಅಷ್ಟೇ. ತಾಳಗುಪ್ಪ ರೈಲಿಗೆ ಟಿಕೆಟ್ ಮಾಡಿಸಿದವರಿಗೆ, ರಜೆ ಹಾಕಿದವರಿಗೆ ಬೇಕಾದ ಮಾಹಿತಿಯೂ ಅದೇ. ಅಣ್ಣನ ಬದಲು ನಾನು ಕಳಿಸಿದ್ದಕ್ಕೆ ಕಾರಣ, ಉತ್ತರದ ಫೋನ್‌ಗಳು ಅವನಿಗೆ ಹೋಗಬಾರದು ಎಂಬುದು. ಕ್ಷಮಿಸಿ ಎಂದು ಬರೆಯಬೇಕಾ ಎಂದು ಅಣ್ಣ ಕೇಳಿದ. ಬರೆಯಲಿಲ್ಲ. ಇಬ್ಬರು ಮಕ್ಕಳು ಯೋಚಿಸಿ ತೆಗೆದುಕೊಂಡ ತೀರ್ಮಾನಕ್ಕೆ ಅವರ ಪರವಾಗಿ ಕ್ಷಮೆ ಕೇಳಿದರೆ, ಅವರು ತಪ್ಪು ಮಾಡಿದ್ದಾರೆ ಎಂದು ನಾವೇ ಹೇಳಿದ ಹಾಗೆ ಆಗುತ್ತದೆ.

ಇಷ್ಟೆಲ್ಲ ಮಾಡಿದರೂ ಒಂದು ಕಡೆ ಮಾತು ಜಾರಿತು. ಎರಡು ವಾರದ ಮೇಲೆ ಸಾಗರದ ಹತ್ತಿರ ಒಂದು ಗೃಹಪ್ರವೇಶದಲ್ಲಿ ಹುಡುಗನ ಕಡೆಯವರೊಬ್ಬರು, "ಹುಡುಗಿಗೆ ಹಳ್ಳಿ ಬೇಡ ಅಂತಂತೆ" ಎಂದರು. ಅತ್ತಿಗೆಯ ಅಕ್ಕನ ಮಗಳು ಅಲ್ಲೇ ಇದ್ದಳು, ಸಂಜೆ ನಮಗೆ ಗೊತ್ತಾಯಿತು. ಅತ್ತಿಗೆಗೆ ತಡೆಯಲಾಗದಷ್ಟು ಸಿಟ್ಟು ಬಂತು. ಹಾಗಾದರೆ ನಾವೂ ಹೇಳುತ್ತೇವೆ ಎಂದರು. ಆದರೆ ಹೊಸನಗರದಲ್ಲಿ ಕೂತಾಗಲೇ ಇದಕ್ಕೊಂದು ಮಾತಾಗಿತ್ತು: ತಮ್ಮ ಕಡೆಯವರನ್ನು ತಾವೇ ತಿದ್ದಬೇಕು. ಅಣ್ಣ ಹುಡುಗನ ಅಪ್ಪನಿಗೆ ಫೋನ್ ಮಾಡಿ, ಕೇಳಿದ್ದನ್ನು ಹಾಗೇ ಹೇಳಿದ. ದೂರುವ ದನಿಯಲ್ಲಿ ಹೇಳಲಿಲ್ಲ. ಅವರು ಮರುದಿನವೇ ಆ ಮಾತಾಡಿದವರ ಮನೆಗೆ ಹೋಗಿ, ಹಾಗೆ ಇಲ್ಲ, ಇನ್ನು ಮೇಲೆ ಹಾಗೆ ಹೇಳಬೇಡ ಎಂದು ಬಂದರು. ಅದೇ ಮಾತನ್ನು ನಮ್ಮ ಕಡೆಯಿಂದ ಯಾರಾದರೂ ಹೋಗಿ ಹೇಳಿದ್ದರೆ ಅದು ಜಗಳ ಆಗುತ್ತಿತ್ತು. ಆಮೇಲೆ ಅಂಥ ಮಾತು ನಮ್ಮ ಕಿವಿಗೆ ಬೀಳಲಿಲ್ಲ. ಎರಡೂ ಊರಿನ ಬಳಕೆ ಇರುವ ಅತ್ತಿಗೆಯ ಅಕ್ಕನ ಮಗಳನ್ನೇ ಒಂದು ತಿಂಗಳ ಮೇಲೆ ಕೇಳಿದೆ. ಅಲ್ಲೂ ಇಲ್ಲೂ ಒಂದೇ ಮಾತು ಕೇಳಿಸುತ್ತಿದೆ ಎಂದಳು. ಕೆಲಸ ಸರಿಯಾಗಿದೆಯೋ ಇಲ್ಲವೋ ಎಂದು ತಿಳಿಯಲು ನನಗೆ ಗೊತ್ತಿರುವ ದಾರಿ ಅದೊಂದೇ.

ಈ ರೀತಿ ಎಲ್ಲ ಕಡೆಗೂ ಹೊಂದುವುದಿಲ್ಲ. ಇನ್ನೊಂದು ಮದುವೆ ಮುಚ್ಚಿಟ್ಟಿದ್ದರೆ, ಹಣ ಕೇಳಿದ್ದರೆ, ಹೆದರಿಸಿದ್ದರೆ ಎರಡೂ ಮನೆ ಸೇರಿ ಒಂದು ಮಾತು ಕಟ್ಟುವ ಪ್ರಶ್ನೆಯೇ ಇಲ್ಲ. ಮದುವೆಗೆ ಮೊದಲೇ ವರದಕ್ಷಿಣೆ ಕೇಳುವುದೂ 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ಅಪರಾಧ. ಅದನ್ನು ಹೇಳಬೇಕಾದ ಜಾಗ ಪೊಲೀಸ್ ಠಾಣೆ. ಆಗಲೂ ನೆಂಟರಿಗೆ "ಈ ಮದುವೆಯನ್ನು ನಾವು ನಿಲ್ಲಿಸಿದ್ದೇವೆ" ಎಂದು ಒಂದೇ ವಾಕ್ಯದಲ್ಲಿ ಹೇಳಬಹುದು. ಆದರೆ ಇಬ್ಬರೂ ಸೇರಿ ತೀರ್ಮಾನ ಮಾಡಿದೆವು ಎಂದು ಹೇಳಬಾರದು. ಮುಂದೆ ಅದೇ ಮಾತು ದೂರು ಕೊಟ್ಟವರಿಗೆ ತಿರುಗಿ ಬರುತ್ತದೆ.

ಕೆಲಸ ಆ ಸೋಮವಾರಕ್ಕೆ ಮುಗಿಯಲಿಲ್ಲ. ನಮ್ಮಲ್ಲಿ ಸಂಬಂಧ ನೋಡುವ ಮೊದಲು ಸುತ್ತಮುತ್ತ ವಿಚಾರಿಸುತ್ತಾರೆ. ಮರುವರ್ಷ ಅಡಿಕೆ ಕೊಯ್ಲಿನ ಹೊತ್ತಿಗೆ ಸೊರಬ ಕಡೆಯಿಂದ ಒಬ್ಬರು ಅಣ್ಣನಿಗೆ ಫೋನ್ ಮಾಡಿದರು. ಆ ಹುಡುಗನಿಗೆ ತಮ್ಮ ಮಗಳನ್ನು ಕೊಡುವ ಯೋಚನೆ ಇದೆ, ನಿಮ್ಮದು ಯಾಕೆ ನಿಂತಿತು, ಮಗಳ ತಂದೆಯಾಗಿ ಕೇಳುತ್ತಿದ್ದೇನೆ ಎಂದರು. ಅವರಿಗೆ ಕೇಳುವ ಹಕ್ಕಿದೆ. ಸುಮ್ಮನಿದ್ದರೂ ಅದು ಹುಡುಗನ ಮೇಲೆ ಅನುಮಾನ ಹುಟ್ಟಿಸುತ್ತದೆ. ಅಣ್ಣ ಹೇಳಿದ್ದು ಇಷ್ಟು: "ನಮ್ಮ ಮಕ್ಕಳಿಬ್ಬರಿಗೂ ಹೊಂದಿಕೆ ಆಗಲ್ಲ ಅನ್ನಿಸ್ತು, ಮಾತಾಡಿ ಬಿಟ್ವಿ. ಹುಡುಗನಲ್ಲಿ, ಮನೆಯವರಲ್ಲಿ ನಮಗೆ ಕೆಟ್ಟದ್ದು ಏನೂ ಕಾಣಲಿಲ್ಲ. ಲೆಕ್ಕ ಎಲ್ಲ ಮರ್ಯಾದೆಯಿಂದ ಮುಗಿಸಿಕೊಟ್ಟರು. ಹುಡುಗ ಹುಡುಗಿ ಇಬ್ಬರೂ ನಾಲ್ಕು ಸಲ ಕೂತು ಮಾತಾಡಲಿ, ಆಮೇಲೆ ನಿಶ್ಚಯ ಮಾಡಿ." ಹುಡುಗನ ಅಪ್ಪನ ಹತ್ತಿರವೂ ನಮ್ಮ ಹುಡುಗಿಯ ಬಗ್ಗೆ ಯಾರೋ ಹೀಗೇ ವಿಚಾರಿಸಿದ್ದರಂತೆ. ಅವರೂ ಇದೇ ಹೇಳಿದ್ದರು ಎಂದು ಹೊಸನಗರದ ಹಿರಿಯರಿಂದ ತಿಳಿಯಿತು.